ಮೂರು ನಾಣ್ಯಗಳ ಲೆಕ್ಕ

ಬೆಂಗಳೂರಿನ ಸೋದರಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ. ವಿಶ್ವವಿದ್ಯಾನಿಲಯಕ್ಕೆ 5,000 ಪೌಂಡಿನ ಕಂತೊಂದನ್ನು ಕಟ್ಟಬೇಕಾಗಿದ್ದಿತು. ಬ್ಯಾಂಕಿಗೆ ಹೋಗಿ ವಿಚಾರಿಸಿದಾಗ ಪೌಂಡಿಗೆ 106 ರೂಪಾಯಿ 50 ಪೈಸೆ ಎಂದರು. ಹಣ ಹೊಂದಿಸಿಕೊಂಡು ಮುಂದಿನ ವಾರ ಹೋದಾಗ ಅದೇ ಪೌಂಡಿಗೆ 108 ರೂಪಾಯಿ 60 ಪೈಸೆ ಕೇಳಿದರು. ಒಂದೇ ವಾರದಲ್ಲಿ 10,500 ರೂಪಾಯಿಗಳ ವ್ಯತ್ಯಾಸ! "ಆ ವಾರವೆಲ್ಲ ಪತ್ರಿಕೆಗಳಲ್ಲಿ 'ರೂಪಾಯಿ ಸ್ಥಿರ' ಎಂದೇ ಅಚ್ಚಾಗಿತ್ತು. ರೂಪಾಯಿ ಇದ್ದಲ್ಲೇ ಇದ್ದರೆ ಪೌಂಡು ದುಬಾರಿಯಾದದ್ದು ಹೇಗೆ? ಬ್ಯಾಂಕಿನವರು ನನ್ನನ್ನು ಏಮಾರಿಸಿದರೇ?" ಎಂದು ಅವರು ಕೇಳುತ್ತಾರೆ. ಅದರ ಜೊತೆಗೇ, ದೂರದರ್ಶನದಲ್ಲಿ ತೋರಿಸುವ ದರಕ್ಕೂ ಬ್ಯಾಂಕಿನ ದರಕ್ಕೂ ಏಕೆ ಅಂತರವಿರಬೇಕು, ವರ್ಷಕ್ಕೆ ಬೇಕಾದ ಪೌಂಡುಗಳನ್ನು ಈಗಲೇ ಕೊಂಡಿಡುವುದು ಲೇಸಲ್ಲವೇ ಎಂಬ ಎರಡು ಪ್ರಶ್ನೆಗಳೂ ಇವೆ.

ಮೂರೂ ಒಳ್ಳೆಯ ಪ್ರಶ್ನೆಗಳು. ಉತ್ತರಿಸುವಾಗ ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ದುಂಡಾಗಿ ಹಿಡಿದಿದ್ದೇನೆ.

ಮೊದಲು ದರವನ್ನು ಓದುವ ಬಗೆ. ವಿನಿಮಯ ದರವೆಂಬುದರಲ್ಲಿ ಯಾವಾಗಲೂ ಎರಡು ನಾಣ್ಯಗಳಿರುತ್ತವೆ. ಒಂದೇ ನಾಣ್ಯಕ್ಕೆ ದರವೆಂಬುದಿಲ್ಲ. ವಹಿವಾಟುದಾರರ ಪರದೆಯ ಮೇಲೆ USD/INR ಎಂದು ಬರೆದು ಅದರ ಮುಂದೆ 84.00 ಎಂದಿದ್ದರೆ, ಒಂದು ಅಮೆರಿಕನ್ ಡಾಲರಿಗೆ 84 ರೂಪಾಯಿ ಎಂದರ್ಥ. ಮೊದಲು ಬರೆದ ನಾಣ್ಯ ಸರಕು. ಎರಡನೆಯದು ಆ ಸರಕಿಗೆ ತೆರುವ ಹಣ. ತರಕಾರಿ ಅಂಗಡಿಯಲ್ಲಿ ಒಂದು ಕಿಲೋ ಬದನೆಕಾಯಿಗೆ 40 ರೂಪಾಯಿ ಎಂದು ಹಲಗೆಯ ಮೇಲೆ ಬರೆದಿರುವ ಹಾಗೆಯೇ ಇಲ್ಲಿಯೂ. ಅಂಕಿ ಏರಿತೆಂದರೆ ಮೊದಲನೆಯ ನಾಣ್ಯ ದುಬಾರಿಯಾಯಿತು, ಎರಡನೆಯದು ಅಗ್ಗವಾಯಿತು. USD/INR 84ರಿಂದ 85ಕ್ಕೆ ಏರಿದರೆ ಅಂಕಿ ದೊಡ್ಡದಾಯಿತು, ರೂಪಾಯಿ ಚಿಕ್ಕದಾಯಿತು. 'ರೂಪಾಯಿ ಕುಸಿತ' ಎಂಬ ಶೀರ್ಷಿಕೆಯ ಕೆಳಗೆ ಏರುಮುಖದ ರೇಖಾಚಿತ್ರವನ್ನು ಕಂಡು ಗಲಿಬಿಲಿಗೊಳ್ಳುವ ವಾಚಕರು ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಯಾವ ನಾಣ್ಯ ಸರಕು, ಯಾವುದು ಹಣ ಎಂಬುದು ರೂಢಿಯಿಂದ ಬಂದದ್ದು. ಪೌಂಡನ್ನೂ ಡಾಲರನ್ನೂ ಜೊತೆಯಲ್ಲಿ ಬರೆಯುವಾಗ ಪೌಂಡೇ ಮೊದಲು ಬರುತ್ತದೆ: GBP/USD 1.2500, ಎಂದರೆ ಪೌಂಡಿಗೆ ಒಂದೂಕಾಲು ಡಾಲರು. ಇಂಗ್ಲಿಷರ ಪೌಂಡಿಗೆ 20 ಷಿಲ್ಲಿಂಗು, ಷಿಲ್ಲಿಂಗಿಗೆ 12 ಪೆನ್ಸು ಎಂಬ ಲೆಕ್ಕ 1971ರ ಫೆಬ್ರುವರಿಯವರೆಗೂ ನಡೆದಿತ್ತು. ಒಂದು ಡಾಲರಿಗೆ ಇಷ್ಟು ಷಿಲ್ಲಿಂಗು, ಇಷ್ಟು ಪೆನ್ಸು, ಮೇಲೊಂದು ಭಿನ್ನರಾಶಿ ಎಂದು ಬರೆಯುವುದಕ್ಕಿಂತ, ಪೌಂಡಿಗೆ ಇಷ್ಟು ಡಾಲರು ಎಂದು ದಶಾಂಶದಲ್ಲಿ ಬರೆಯುವುದು ಎಲ್ಲರಿಗೂ ಅನುಕೂಲವಾಗಿತ್ತು. ಆ ಲೆಕ್ಕ ಹೋಯಿತು, ರೂಢಿ ಉಳಿಯಿತು. ಈ ಜೋಡಿಯನ್ನು ವಹಿವಾಟುದಾರರು ಇಂದಿಗೂ 'ಕೇಬಲ್' ಎಂದೇ ಕರೆಯುತ್ತಾರೆ. ಅಟ್ಲಾಂಟಿಕ್ ಸಾಗರದ ತಳದಲ್ಲಿ 1866ರಲ್ಲಿ ಸುಭದ್ರವಾಗಿ ಹಾಸಿದ ತಂತಿಯ ಮೂಲಕ ಲಂಡನ್ನಿಗೂ ನ್ಯೂಯಾರ್ಕಿಗೂ ಈ ದರ ಓಡಾಡುತ್ತಿದ್ದುದರ ನೆನಪು ಅದು. ಯೂರೋ ಮಾತ್ರ ಪೌಂಡಿಗಿಂತಲೂ ಮುಂದೆ ನಿಲ್ಲುತ್ತದೆ. ನಮ್ಮಲ್ಲಿ ಜಪಾನಿನ ಯೆನ್ನನ್ನು ಒಂದೊಂದಾಗಿ ಎಣಿಸದೆ ನೂರು ಯೆನ್ನಿಗೆ ಇಷ್ಟು ರೂಪಾಯಿ ಎಂದು ಹೇಳುವುದುಂಟು. ಒಂದು ಯೆನ್ನಿನ ಬೆಲೆ ರೂಪಾಯಿಗಿಂತ ಕಡಿಮೆಯಾದ್ದರಿಂದ ಈ ಏರ್ಪಾಡು.

ಈಗ ಸೋದರಿಯವರ ಪ್ರಶ್ನೆಗೆ ಬರೋಣ. ಪೌಂಡಿಗೂ ರೂಪಾಯಿಗೂ ನೇರವಾದ ದೊಡ್ಡ ಪೇಟೆಯೆಂಬುದು ಇಲ್ಲ. ಮುಂಬಯಿಯ ಬ್ಯಾಂಕುಗಳು ತಮ್ಮತಮ್ಮೊಳಗೆ ಬಹುಮಟ್ಟಿಗೆ ಡಾಲರನ್ನೇ ಕೊಳ್ಳುತ್ತವೆ, ಮಾರುತ್ತವೆ. ಪೌಂಡು ಬೇಕೆಂದು ಗ್ರಾಹಕರು ಬಂದರೆ ಬ್ಯಾಂಕು ಎರಡು ಮೆಟ್ಟಿಲು ಹತ್ತಬೇಕು: ಮೊದಲು ರೂಪಾಯಿ ಕೊಟ್ಟು ಡಾಲರನ್ನು ಕೊಳ್ಳುವುದು, ಬಳಿಕ ಆ ಡಾಲರನ್ನು ಕೊಟ್ಟು ಪೌಂಡನ್ನು ಕೊಳ್ಳುವುದು. ಆದ್ದರಿಂದ ಪೌಂಡಿನ ರೂಪಾಯಿ ಬೆಲೆಯೆಂದರೆ ಎರಡು ದರಗಳ ಗುಣಾಕಾರ. ಡಾಲರಿಗೆ 84 ರೂಪಾಯಿ, ಪೌಂಡಿಗೆ 1.25 ಡಾಲರು ಆದರೆ, 84ನ್ನು 1.25ರಿಂದ ಗುಣಿಸಿದಾಗ ಬರುವ 105 ರೂಪಾಯಿಯೇ ಪೌಂಡಿನ ಪೇಟೆ ಬೆಲೆ. ಮುಂದಿನ ವಾರ ಡಾಲರಿಗೆ 84 ರೂಪಾಯಿಯೇ ಇದ್ದಿತು. ಪತ್ರಿಕೆಯವರು 'ಸ್ಥಿರ' ಎಂದು ಬರೆದದ್ದು ಸುಳ್ಳಲ್ಲ. ಆದರೆ ಅದೇ ವಾರ ಲಂಡನ್ನಿನಲ್ಲಿ ಪೌಂಡು 1.25ರಿಂದ 1.275 ಡಾಲರಿಗೆ ಏರಿತು. ಈಗ ಗುಣಿಸಿ ನೋಡಿ: 107 ರೂಪಾಯಿ 10 ಪೈಸೆ. ಪೌಂಡೊಂದಕ್ಕೆ 2 ರೂಪಾಯಿ 10 ಪೈಸೆಯಂತೆ 5,000 ಪೌಂಡಿಗೆ 10,500 ರೂಪಾಯಿ. ರೂಪಾಯಿಯ ಬಗೆಗೆ ನಮ್ಮ ದೇಶದಲ್ಲಿ ಏನೂ ಸಂಭವಿಸದಿದ್ದರೂ ಈ ಮನೆಯ ಖರ್ಚು ಹೆಚ್ಚಿತು. ಬ್ಯಾಂಕಿನವರ ಮೇಲೆ ಬೇರೆ ದೂರುಗಳಿರಬಹುದು. ಈ ಹೆಚ್ಚಳದಲ್ಲಿ ಮಾತ್ರ ಅವರ ಕೈವಾಡವಿಲ್ಲ.

ನಮ್ಮ ಪತ್ರಿಕೆಗಳು 'ರೂಪಾಯಿ ಏರಿತು, ಇಳಿಯಿತು' ಎಂದು ಬರೆಯುವಾಗ ಡಾಲರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಅಷ್ಟು ಸಾಕು. ಇಂಗ್ಲೆಂಡು, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ಇದ್ದರೆ ಇನ್ನೊಂದು ದರವನ್ನೂ ನೋಡಬೇಕು. ಈ ಮೂರು ನಾಣ್ಯಗಳ ಲೆಕ್ಕ ಇಂದು ನಿನ್ನೆಯದಲ್ಲ. ನಮ್ಮ ರೂಪಾಯಿಯ ಚರಿತ್ರೆಯಲ್ಲಿ ಇದನ್ನು ಬಹು ಚೆನ್ನಾಗಿ ತೋರಿಸುವ ಮೂರು ದಿನಗಳಿವೆ.

ಬ್ರಿಟಿಷರ ಕಾಲದಲ್ಲಿ, 1927ರ ಕಾಯಿದೆಯಿಂದ, ರೂಪಾಯಿಗೆ 1 ಷಿಲ್ಲಿಂಗು 6 ಪೆನ್ಸು ಎಂದು ದರ ನಿಗದಿಯಾಯಿತು. ಗಮನಿಸಿ, ಇಲ್ಲಿ ರೂಪಾಯಿಯೇ ಸರಕು, ಪೆನ್ಸು ಅದರ ಬೆಲೆ. ತಿರುಗಿಸಿ ಹೇಳಿದರೆ ಪೌಂಡಿಗೆ 13 ರೂಪಾಯಿ 33 ಪೈಸೆ. ಸ್ವಾತಂತ್ರ್ಯ ಬಂದ ಮೇಲೂ ಇದೇ ದರ ನಡೆಯಿತು. ಆಗ ಪೌಂಡಿಗೆ 4.03 ಡಾಲರು ಇದ್ದುದರಿಂದ, ಡಾಲರಿಗೆ ಸುಮಾರು 3 ರೂಪಾಯಿ 31 ಪೈಸೆ ಬೀಳುತ್ತಿತ್ತು. 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು 4.03ರಿಂದ 2.80 ಡಾಲರಿಗೆ ಇಳಿಸಿತು. ಭಾರತವು ರೂಪಾಯಿಯನ್ನು ಪೌಂಡಿನ ಜೊತೆಯಲ್ಲೇ ಇಳಿಸಿತು. ಲಂಡನ್ನಿಗೆ ಹಣ ಕಳುಹಿಸುತ್ತಿದ್ದ ತಂದೆಗೆ ಏನೂ ಆಗಲಿಲ್ಲ. ಅದೇ 1 ಷಿಲ್ಲಿಂಗು 6 ಪೆನ್ಸು. ನ್ಯೂಯಾರ್ಕಿಗೆ ಕಳುಹಿಸುತ್ತಿದ್ದ ತಂದೆಗೆ ಡಾಲರೊಂದು 3 ರೂಪಾಯಿ 31 ಪೈಸೆಯಿಂದ 4 ರೂಪಾಯಿ 76 ಪೈಸೆಗೆ ಏರಿತು. ಒಂದೇ ನಿರ್ಧಾರ, ಎರಡು ಮನೆಗಳಲ್ಲಿ ಎರಡು ಫಲ.

ಎರಡನೆಯ ದಿನ 1966ರ ಜೂನ್ 6. ಇಂದಿರಾಗಾಂಧಿಯವರು ಪ್ರಧಾನಿಯಾಗಿ ಆರು ತಿಂಗಳು ಕೂಡ ಆಗಿರಲಿಲ್ಲ. ಸಚೀಂದ್ರ ಚೌಧುರಿಯವರು ಹಣಕಾಸಿನ ಮಂತ್ರಿಗಳು. ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ, ಪೌಂಡಿನ ಬೆಲೆ 13 ರೂಪಾಯಿ 33 ಪೈಸೆಯಿಂದ 21 ರೂಪಾಯಿಗೆ ಏರಿತು. ಈ ಸಾರಿ ಪೌಂಡು-ಡಾಲರುಗಳ ನಡುವಣ ದರ ಕದಲಲಿಲ್ಲ. 21ನ್ನು 7.50ರಿಂದ ಭಾಗಿಸಿದರೆ ಅದೇ 2.80 ಬರುತ್ತದೆ. ಕದಲಿದ್ದು ರೂಪಾಯಿ ಒಂದೇ.

ಅಂದಿನ ಅಪಮೌಲ್ಯ ಶೇಕಡಾ ಎಷ್ಟು ಎಂದು ಕೇಳಿದರೆ ಎರಡು ಉತ್ತರಗಳು ಸಿಗುತ್ತವೆ. ಕೆಲವರು 36.5 ಎನ್ನುತ್ತಾರೆ, ಕೆಲವರು 57.5. ಇಬ್ಬರೂ ಸರಿ. ಅಪಮೌಲ್ಯಕ್ಕೆ ಮೊದಲು ಒಂದು ರೂಪಾಯಿಗೆ 21 ಅಮೆರಿಕನ್ ಸೆಂಟುಗಳು ಬರುತ್ತಿದ್ದವು, ಅನಂತರ 13.33 ಸೆಂಟುಗಳು. ರೂಪಾಯಿಯನ್ನು ಸರಕೆಂದು ಎಣಿಸಿದರೆ ಅದರ ಬೆಲೆ ಶೇಕಡಾ 36.5ರಷ್ಟು ಇಳಿಯಿತು. ಡಾಲರನ್ನು ಸರಕೆಂದು ಎಣಿಸಿದರೆ, 4.76ರಿಂದ 7.50ಕ್ಕೆ, ಅದರ ಬೆಲೆ ಶೇಕಡಾ 57.5ರಷ್ಟು ಏರಿತು. ಸರ್ಕಾರಕ್ಕೆ ಚಿಕ್ಕ ಅಂಕಿ ಪ್ರಿಯ, ವಿರೋಧಪಕ್ಷಕ್ಕೆ ದೊಡ್ಡದು ಪ್ರಿಯ, ಅದು ಸ್ವಾಭಾವಿಕ. ಆದರೆ ಅಮೆರಿಕದಲ್ಲಿ ಓದುತ್ತಿದ್ದ ಮಗನಿಗೆ ತಿಂಗಳಿಗೆ 200 ಡಾಲರು ಕಳುಹಿಸಬೇಕಾಗಿದ್ದ ಗೃಹಸ್ಥರು 952 ರೂಪಾಯಿಯ ಬದಲು 1,500 ರೂಪಾಯಿಯನ್ನು ಒದಗಿಸಬೇಕಾಯಿತು. ಕೊಳ್ಳುವವರ ಕಣ್ಣಿನಲ್ಲಿ ನೋಡಿದರೆ ದೊಡ್ಡ ಅಂಕಿಯೇ ನಿಜ. ಇಂದಿಗೂ 'ರೂಪಾಯಿ ಶೇಕಡಾ ಇಷ್ಟು ಕುಸಿಯಿತು' ಎಂದು ಓದಿದಾಗ, ಅಂಕಿಯನ್ನು ಯಾವ ಕಡೆಯಿಂದ ಲೆಕ್ಕ ಹಾಕಿದ್ದಾರೆಂದು ನೋಡಿಕೊಳ್ಳಬೇಕು. ಚಿಕ್ಕ ಏರಿಳಿತಗಳಲ್ಲಿ ಈ ಎರಡರ ನಡುವೆ ಹೆಚ್ಚು ಭೇದವಿಲ್ಲ. ದೊಡ್ಡ ಕುಸಿತಗಳಲ್ಲಿ ಅಜಗಜಾಂತರ.

ಮೂರನೆಯ ದಿನ ಬಂದದ್ದು ಮರುವರ್ಷವೇ. 1967ರ ನವೆಂಬರಿನಲ್ಲಿ ಬ್ರಿಟನ್ ಮತ್ತೆ ಪೌಂಡನ್ನು 2.80ರಿಂದ 2.40 ಡಾಲರಿಗೆ ಇಳಿಸಿತು. ಈ ಸಲ ಭಾರತವು ಪೌಂಡಿನ ಹಿಂದೆ ಹೋಗಲಿಲ್ಲ. ಡಾಲರಿಗೆ 7 ರೂಪಾಯಿ 50 ಪೈಸೆ ಹಾಗೆಯೇ ನಿಂತಿತು. ಪೌಂಡು 21 ರೂಪಾಯಿಯಿಂದ 18 ರೂಪಾಯಿಗೆ ಇಳಿಯಿತು. ಒಂದು ವರ್ಷದ ಹಿಂದೆ ಪೌಂಡಿಗಾಗಿ ಕಣ್ಣೀರಿಟ್ಟವರಿಗೆ ಇದು ಅನಿರೀಕ್ಷಿತ ಸಮಾಧಾನ.

ಇದೇ ಆಟ ನಮ್ಮ ಕಾಲದಲ್ಲಿಯೂ ನಡೆದಿದೆ, ಅದೂ ಯಾವ ಸರ್ಕಾರದ ಘೋಷಣೆಯೂ ಇಲ್ಲದೆ. 2016ರ ಜೂನ್ 23ರಂದು ಬ್ರಿಟನ್ನಿನ ಜನರು ಯೂರೋಪಿನ ಒಕ್ಕೂಟವನ್ನು ಬಿಡಲು ಮತ ನೀಡಿದರು. ಮರುದಿನ ಪೌಂಡು ಡಾಲರಿನೆದುರು ಶೇಕಡಾ ಎಂಟರಷ್ಟು ಬಿದ್ದಿತು. ಜಗತ್ತೆಲ್ಲ ಹೆದರಿ ಡಾಲರಿನ ಕಡೆಗೆ ಓಡಿದ್ದರಿಂದ ನಮ್ಮ ರೂಪಾಯಿಯೂ ಡಾಲರಿನೆದುರು ಸುಮಾರು 70 ಪೈಸೆ ಇಳಿಯಿತು. 'ರೂಪಾಯಿ ಕುಸಿತ' ಎಂದು ಪತ್ರಿಕೆಗಳು ಬರೆದ ಆ ದಿನವೇ, ಅದುವರೆಗೆ 100 ರೂಪಾಯಿಯ ಆಸುಪಾಸಿನಲ್ಲಿದ್ದ ಪೌಂಡು 93ರ ಸಮೀಪಕ್ಕೆ ಬಂದಿತ್ತು. ಶೀರ್ಷಿಕೆಯನ್ನಷ್ಟೇ ಓದಿ ಕುಳಿತಿದ್ದ ತಂದೆತಾಯಿಗಳು ಒಂದು ಒಳ್ಳೆಯ ದಿನವನ್ನು ಕಳೆದುಕೊಂಡರು.

ದರಗಳನ್ನು ಓದುವುದಾಯಿತು. ಅವು ಚಲಿಸುವುದು ಏಕೆ? ಮೇಲೆ ಹೇಳಿದ ಹಳೆಯ ದಿನಗಳಲ್ಲಿ ಸರ್ಕಾರ ಒಂದು ರಾತ್ರಿ ನಿರ್ಧರಿಸುತ್ತಿತ್ತು. 1993ರ ಮಾರ್ಚಿನಿಂದೀಚೆಗೆ ನಮ್ಮ ದರವನ್ನು ಪೇಟೆಯೇ ನಿರ್ಧರಿಸುತ್ತದೆ; ಎಂದರೆ, ಡಾಲರು ಬೇಕಾದವರು ಎಷ್ಟು ಮಂದಿ, ಡಾಲರು ತಂದವರು ಎಷ್ಟು ಮಂದಿ ಎಂಬುದರ ಮೇಲೆ. ಬೇಕಾದವರಲ್ಲಿ ದೊಡ್ಡವರು ತೈಲ ಕಂಪೆನಿಗಳು, ಆಮೇಲೆ ಚಿನ್ನ ತರಿಸುವವರು. ತರುವವರಲ್ಲಿ ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳು, ಗಲ್ಫ್ ದೇಶಗಳಿಂದಲೂ ಅಮೆರಿಕದಿಂದಲೂ ಮನೆಗೆ ಹಣ ಕಳುಹಿಸುವವರು, ನಮ್ಮ ಷೇರು ಮತ್ತು ಸಾಲಪತ್ರಗಳಲ್ಲಿ ಹಣ ಹೂಡುವ ಪರದೇಶದವರು. ಈ ಕೊನೆಯವರು ಮಾತ್ರ ಒಂದು ದಿನ ತರುವವರ ಸಾಲಿನಲ್ಲಿದ್ದು, ಮರುದಿನ ಬೇಕಾದವರ ಸಾಲಿಗೆ ಬಂದುಬಿಡಬಲ್ಲರು. ಇವರೆಲ್ಲರ ನಡುವೆ ಕೈಯಲ್ಲಿ ಡಾಲರಿನ ಉಗ್ರಾಣವನ್ನಿಟ್ಟುಕೊಂಡು ರಿಜರ್ವ್ ಬ್ಯಾಂಕು ಕುಳಿತಿದೆ.

2013ರ ಬೇಸಗೆಯಲ್ಲಿ ನಡೆದದ್ದನ್ನು ನೋಡಿದರೆ ಇದೆಲ್ಲ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಅದಕ್ಕೆ ಹಿಂದಿನ ಹಣಕಾಸಿನ ವರ್ಷದಲ್ಲಿ ಪರದೇಶಗಳೊಡನೆ ನಮ್ಮ ಚಾಲ್ತಿ ಲೆಕ್ಕದ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇಕಡಾ 4.8ರಷ್ಟಿತ್ತು. ಸಂಸಾರದ ಭಾಷೆಯಲ್ಲಿ ಹೇಳುವುದಾದರೆ, ದುಡಿಮೆಗಿಂತ ಖರ್ಚು ಹೆಚ್ಚಾಗಿ, ಉಳಿದದ್ದನ್ನು ಅತಿಥಿಗಳು ತಂದಿಟ್ಟ ಹಣದಿಂದ ತುಂಬಿಕೊಳ್ಳುತ್ತಿದ್ದೆವು. ಅತಿಥಿಗಳು ಬರುತ್ತಿದ್ದುದಕ್ಕೆ ಕಾರಣ ಅಮೆರಿಕದಲ್ಲಿ ಬಡ್ಡಿ ಬಹು ಕಡಿಮೆಯಿದ್ದದ್ದು. ಅಲ್ಲಿನ ಕೇಂದ್ರ ಬ್ಯಾಂಕು ತಿಂಗಳಿಗೆ 8,500 ಕೋಟಿ ಡಾಲರುಗಳಷ್ಟು ಸಾಲಪತ್ರಗಳನ್ನು ಕೊಂಡು ಬಡ್ಡಿಯನ್ನು ಕೆಳಗೆ ಒತ್ತಿ ಹಿಡಿದಿತ್ತು. ಮೇ 22ರಂದು ಅದರ ಅಧ್ಯಕ್ಷ ಬೆನ್ ಬರ್ನಾಂಕೆಯವರು, ಈ ಕೊಳ್ಳುವಿಕೆಯನ್ನು ಮುಂದೆ ನಿಧಾನಗೊಳಿಸಬಹುದು ಎಂದರು. ಕೇವಲ 'ಮಾಡಬಹುದು' ಎಂದರು, ಇನ್ನೂ ಏನೂ ಮಾಡಿರಲಿಲ್ಲ! ಅಮೆರಿಕದಲ್ಲಿ ಬಡ್ಡಿ ಏರತೊಡಗಿತು. ಇಲ್ಲಿ ಹಣ ಹೂಡಿದ್ದವರು ಸಾಲಪತ್ರಗಳನ್ನು ಮಾರಿ, ಬಂದ ರೂಪಾಯಿಗಳಿಗೆ ಡಾಲರು ಕೊಂಡು ಹೊರಟರು.

ಇನ್ನೊಂದು ಸೂಕ್ಷ್ಮವೂ ಇದೆ. ರೂಪಾಯಿ ಇಳಿಯುವುದೆಂಬ ಶಂಕೆ ಒಮ್ಮೆ ಹುಟ್ಟಿದರೆ, ಮೂರು ತಿಂಗಳ ಬಳಿಕ ಡಾಲರು ಬೇಕಾಗುವ ಆಮದುದಾರನು ಇಂದೇ ಕೊಳ್ಳುತ್ತಾನೆ. ಇಂದು ಡಾಲರು ಬಂದಿರುವ ರಫ್ತುದಾರನು, ನಾಳೆ ಹೆಚ್ಚು ರೂಪಾಯಿ ಸಿಕ್ಕೀತೆಂದು ಮಾರದೆ ಕಾಯುತ್ತಾನೆ. ದೇಶಕ್ಕೆ ಬರುವ, ದೇಶದಿಂದ ಹೋಗುವ ಸರಕು ಒಂದು ಮೂಟೆಯೂ ಹೆಚ್ಚು ಕಡಿಮೆಯಾಗದಿದ್ದರೂ ಪೇಟೆಯಲ್ಲಿ ಡಾಲರಿಗೆ ಬರಗಾಲ ಬರುತ್ತದೆ. ಶಂಕೆ ತನ್ನನ್ನು ತಾನೇ ನಿಜಮಾಡಿಕೊಳ್ಳುತ್ತದೆ. ಮೇ ತಿಂಗಳ ಆರಂಭದಲ್ಲಿ 54ರ ಸುತ್ತ ಇದ್ದ ಡಾಲರು, ಆಗಸ್ಟ್ 28ರಂದು 68 ರೂಪಾಯಿ 85 ಪೈಸೆಯನ್ನು ಮುಟ್ಟಿತು.

ಅದಕ್ಕೆ ಮದ್ದೇನು ಕೊಟ್ಟರು? ಜುಲೈಯಲ್ಲಿ ರಿಜರ್ವ್ ಬ್ಯಾಂಕು ಬ್ಯಾಂಕುಗಳ ತುರ್ತು ಸಾಲದ ಬಡ್ಡಿಯನ್ನು ಒಮ್ಮೆಲೇ ಏರಿಸಿ ರೂಪಾಯಿಯನ್ನು ದುರ್ಲಭಗೊಳಿಸಿತು. ಚಿನ್ನದ ಆಮದು ಸುಂಕವನ್ನು ಸರ್ಕಾರ ಶೇಕಡಾ 10ಕ್ಕೆ ಏರಿಸಿತು. ಇವು ಹೆಚ್ಚು ನಾಟಲಿಲ್ಲ. ನಾಟಿದ್ದು ಎರಡು. ಆಗಸ್ಟ್ 28ರ ಸಂಜೆ ರಿಜರ್ವ್ ಬ್ಯಾಂಕು, ಸರ್ಕಾರಿ ತೈಲ ಕಂಪೆನಿಗಳಿಗೆ ಬೇಕಾದ ಡಾಲರನ್ನು ತಾನೇ ನೇರವಾಗಿ ಕೊಡುವುದಾಗಿ ಹೇಳಿತು. ಅತಿ ದೊಡ್ಡ ಗಿರಾಕಿಯನ್ನು ಪೇಟೆಯಿಂದಲೇ ಹೊರಗೆ ಕರೆದುಕೊಂಡಂತಾಯಿತು. ಸೆಪ್ಟೆಂಬರ್ 4ರಂದು ಗವರ್ನರ್ ಆಗಿ ಬಂದ ರಘುರಾಮ್ ರಾಜನ್ ಅವರು, ಅನಿವಾಸಿ ಭಾರತೀಯರಿಂದ ಬ್ಯಾಂಕುಗಳು ವಿದೇಶೀ ನಾಣ್ಯದಲ್ಲಿ ದೀರ್ಘಾವಧಿ ಠೇವಣಿ ತಂದರೆ, ವಿನಿಮಯದ ಏರಿಳಿತದ ಹೊರೆಯನ್ನು ವರ್ಷಕ್ಕೆ ಶೇಕಡಾ 3.5ರ ಖರ್ಚಿಗೆ ರಿಜರ್ವ್ ಬ್ಯಾಂಕೇ ಹೊತ್ತುಕೊಳ್ಳುವುದೆಂದು ಪ್ರಕಟಿಸಿದರು. ನವೆಂಬರಿನ ಕೊನೆಗೆ ಈ ಬಾಗಿಲಿನಿಂದಲೂ ಇದರ ಪಕ್ಕದ ಇನ್ನೊಂದು ಬಾಗಿಲಿನಿಂದಲೂ ಸೇರಿ ಸುಮಾರು 3,400 ಕೋಟಿ ಡಾಲರುಗಳು ಒಳಗೆ ಬಂದವು. ಡಾಲರು 62ರ ಆಸುಪಾಸಿಗೆ ಮರಳಿತು. ಆದರೆ ಹಳೆಯ 54ಕ್ಕೆ ಮರಳಲಿಲ್ಲ. ಭಯ ಕಳೆದಾಗ ಭಯದಿಂದ ಏರಿದ ಭಾಗ ಮಾತ್ರ ಇಳಿಯುತ್ತದೆ. ಕೊರತೆಯಿಂದಲೂ, ನಮ್ಮ ಬೆಲೆಗಳು ಅಮೆರಿಕದ ಬೆಲೆಗಳಿಗಿಂತ ಹೆಚ್ಚು ವೇಗವಾಗಿ ಏರಿದ್ದರಿಂದಲೂ ಆದ ಭಾಗ ನಿಂತುಬಿಡುತ್ತದೆ.

ಇನ್ನು ಸೋದರಿಯವರ ಎರಡನೆಯ ಪ್ರಶ್ನೆ: ದೂರದರ್ಶನದ ದರಕ್ಕೂ ಬ್ಯಾಂಕಿನ ದರಕ್ಕೂ ಇರುವ ಅಂತರ. ದೂರದರ್ಶನದಲ್ಲಿ ಕಾಣುವುದು ಬ್ಯಾಂಕುಗಳು ಪರಸ್ಪರ ವ್ಯವಹರಿಸುವ ಸಗಟು ದರ. ಅಲ್ಲಿಯೂ ದರ ಒಂದಲ್ಲ, ಎರಡು. 84.00, 84.02 ಎಂದಿದ್ದರೆ, ದರ ಹೇಳುವ ಬ್ಯಾಂಕು 84 ರೂಪಾಯಿಗೆ ಡಾಲರನ್ನು ಕೊಳ್ಳುತ್ತದೆ, 84 ರೂಪಾಯಿ 2 ಪೈಸೆಗೆ ಮಾರುತ್ತದೆ. ಸಗಟಿನಲ್ಲಿ ಅಂತರ ಪೈಸೆಗಳಲ್ಲಿದ್ದರೆ, ನಮ್ಮ ನಿಮ್ಮಂಥವರಿಗೆ ಚಿಲ್ಲರೆಯಲ್ಲಿ ಅದು ರೂಪಾಯಿಗಳಾಗುತ್ತದೆ. ನಮ್ಮ ಹಿರಿಯರು ಇದನ್ನು 'ವಟ್ಟ' ಎನ್ನುತ್ತಿದ್ದರು. ಬ್ಯಾಂಕಿನ ಹಲಗೆಯ ಮೇಲೆ 'ಕೊಳ್ಳುವ ದರ', 'ಮಾರುವ ದರ' ಎಂದಿರುವುದು ಬ್ಯಾಂಕಿನ ದೃಷ್ಟಿಯಿಂದ; ನಾವು ಪೌಂಡನ್ನು ಕೊಳ್ಳಹೋದಾಗ ನೋಡಬೇಕಾದದ್ದು ಮಾರುವ ದರವನ್ನು. ಅದರಲ್ಲಿಯೂ ಖಾತೆಯಿಂದ ಖಾತೆಗೆ ತಂತಿಯಲ್ಲಿ ಹೋಗುವ ಹಣಕ್ಕೆ ಒಂದು ದರ, ಕೈಗೆ ಕೊಡುವ ನೋಟುಗಳಿಗೆ ಅದಕ್ಕಿಂತ ದುಬಾರಿಯಾದ ಇನ್ನೊಂದು ದರ. ನೋಟುಗಳನ್ನು ತರಿಸಬೇಕು, ಕಾಪಾಡಬೇಕು, ಬಡ್ಡಿಯಿಲ್ಲದೆ ಪೆಟ್ಟಿಗೆಯಲ್ಲಿಡಬೇಕು. ಆ ಖರ್ಚು ದರದಲ್ಲಿ ಸೇರುತ್ತದೆ.

ಬ್ಯಾಂಕು ನ್ಯಾಯವಾಗಿ ತೆಗೆದುಕೊಂಡಿತೇ ಇಲ್ಲವೇ ಎಂದು ತಿಳಿಯುವ ಬಗೆ ಇದು. ಸೋದರಿಯವರು ಮೊದಲ ಸಲ ವಿಚಾರಿಸಿದಾಗ ಪೇಟೆಯಲ್ಲಿ ಪೌಂಡು ಸುಮಾರು 105 ರೂಪಾಯಿ 2 ಪೈಸೆ ಇದ್ದಿತು. ಬ್ಯಾಂಕು ಕೇಳಿದ್ದು 106 ರೂಪಾಯಿ 50 ಪೈಸೆ. ಅಂತರ 1 ರೂಪಾಯಿ 48 ಪೈಸೆ, ಎಂದರೆ ಶೇಕಡಾ 1.4, 5,000 ಪೌಂಡಿಗೆ 7,400 ರೂಪಾಯಿ. ತೆರಿಗೆ, ಕಳುಹಿಸುವ ಶುಲ್ಕ ಬೇರೆ. ಈ 7,400 ರೂಪಾಯಿ ಚೀಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. 'ಕಮಿಷನ್ ಇಲ್ಲ' ಎಂದು ಬೋರ್ಡು ಹಾಕಿರುವ ವಿಮಾನ ನಿಲ್ದಾಣದ ಗೂಡುಗಳಲ್ಲಿ ಕಾಣುವುದೇ ಇಲ್ಲ. ಅಲ್ಲಿ ಕಮಿಷನ್ ದರದೊಳಗೇ ಅಡಗಿ ಕುಳಿತಿರುತ್ತದೆ. ಆದ್ದರಿಂದ 'ಶುಲ್ಕವೆಷ್ಟು' ಎಂದು ಕೇಳಬಾರದು. 'ಇಷ್ಟು ಪೌಂಡು ಅಲ್ಲಿ ತಲುಪಲು ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ' ಎಂದು, ಒಂದೇ ದಿನ, ಒಂದೇ ಗಂಟೆಯಲ್ಲಿ, ಎರಡು ಮೂರು ಕಡೆ ಕೇಳಬೇಕು. ಆ ಮೊತ್ತದಿಂದ ಆ ಹೊತ್ತಿನ ಪೇಟೆ ದರದ ಮೊತ್ತವನ್ನು ಕಳೆದರೆ ಉಳಿದದ್ದೇ ನಿಜವಾದ ಖರ್ಚು. ಬ್ಯಾಂಕಿನಲ್ಲಿ ಪರಿಚಯವಿದ್ದವರು ದರದಲ್ಲಿ ರಿಯಾಯಿತಿ ಕೇಳಬಹುದು. ದೊಡ್ಡ ಮೊತ್ತಕ್ಕೆ ಎಷ್ಟೋ ವೇಳೆ ಕೊಡುತ್ತಾರೆ. ಕೇಳದವರಿಗೆ ಕೊಡುವುದಿಲ್ಲ.

ಒಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1993ರ ಆಗಸ್ಟ್ 2ರವರೆಗೆ ನಮ್ಮ ಬ್ಯಾಂಕುಗಳು ದರವನ್ನು ತಿರುಗಿಸಿ ಹೇಳುತ್ತಿದ್ದವು: ನೂರು ರೂಪಾಯಿಗೆ ಇಷ್ಟು ಡಾಲರು, ಇಷ್ಟು ಪೌಂಡು ಎಂದು. ರೂಪಾಯಿ ಸರಕಾದಾಗ ಪರದೇಶದ ನಾಣ್ಯವನ್ನು ಮಾರುವ ಬ್ಯಾಂಕು ನೂರು ರೂಪಾಯಿಗೆ ಕಡಿಮೆ ಡಾಲರು ಕೊಟ್ಟರೆ ಲಾಭ, ಕೊಳ್ಳುವಾಗ ಹೆಚ್ಚು ಡಾಲರು ಕೇಳಿದರೆ ಲಾಭ. ಆದಕಾರಣ 'ಹೆಚ್ಚಿಗೆ ಕೊಳ್ಳು, ಕಡಿಮೆಗೆ ಮಾರು' ಎಂಬುದೇ ಆ ಕಾಲದ ಬ್ಯಾಂಕು ಗುಮಾಸ್ತರ ಬಾಯಿಪಾಠ. ದಿನಸಿ ವ್ಯಾಪಾರಿ ಕೇಳಿದರೆ ನಕ್ಕುಬಿಡುವಂಥ ಸೂತ್ರ! ಡಾಲರಿಗೆ ಇಷ್ಟು ರೂಪಾಯಿ ಎಂದು ಹೇಳುವ ಇಂದಿನ ಪದ್ಧತಿ ಬಂದ ದಿನ ಅವರೆಲ್ಲರೂ ಪಾಠವನ್ನು ತಲೆಕೆಳಗು ಮಾಡಿಕೊಳ್ಳಬೇಕಾಯಿತು. ಹಳೆಯ ಕಡತಗಳಲ್ಲಿಯೋ ತಂದೆಯವರ ಕಾಲದ ರಸೀದಿಗಳಲ್ಲಿಯೋ ವಿನಿಮಯ ದರ ವಿಚಿತ್ರವಾಗಿ ಕಂಡರೆ, 100ನ್ನು ಆ ಅಂಕಿಯಿಂದ ಭಾಗಿಸಿ ನೋಡಿ. ಪರಿಚಿತವಾದ ದರ ಹೊರಬರುತ್ತದೆ.

ಕೊನೆಯ ಪ್ರಶ್ನೆ, ಮುಂದಿನ ಕಂತಿನ ಪೌಂಡುಗಳನ್ನು ಈಗಲೇ ಕೊಂಡಿಡಬೇಕೇ? ಪೌಂಡು ಆರು ತಿಂಗಳಲ್ಲಿ ಏರುವುದೋ ಇಳಿಯುವುದೋ ಹೇಳಬಲ್ಲೆನೆನ್ನುವವರ ಮಾತಿಗೆ ಕಿವಿಗೊಡಬೇಡಿ. ಎರಡು ದರಗಳ ಗುಣಾಕಾರವನ್ನು ಮುಂಗಂಡವರನ್ನು ನಾನಂತೂ ಕಂಡಿಲ್ಲ. ಆದರೆ ಮುಂಚಿತವಾಗಿ ಕೊಳ್ಳುವುದರ ಖರ್ಚನ್ನು ಲೆಕ್ಕ ಹಾಕಬಹುದು. 106 ರೂಪಾಯಿ 50 ಪೈಸೆಯಂತೆ 5,000 ಪೌಂಡಿಗೆ 5,32,500 ರೂಪಾಯಿ. ಈ ಹಣ ಶೇಕಡಾ 7ರ ಠೇವಣಿಯಲ್ಲಿದ್ದರೆ ಆರು ತಿಂಗಳಿಗೆ ಸುಮಾರು 18,600 ರೂಪಾಯಿ ಬಡ್ಡಿ ಬರುತ್ತಿತ್ತು. ಪೌಂಡೊಂದಕ್ಕೆ 3 ರೂಪಾಯಿ 70 ಪೈಸೆಯ ಮೇಲೆ. ಪೌಂಡುಗಳು ಅಲ್ಲಿ ಮಗಳ ಖಾತೆಯಲ್ಲಿದ್ದು ಬಡ್ಡಿ ತಂದರೆ ಅಷ್ಟನ್ನು ಇದರಿಂದ ಕಳೆಯಬೇಕು. ಬಡ್ಡಿ ಬರದಿದ್ದರೆ, ಆರು ತಿಂಗಳ ಬಳಿಕ ಬ್ಯಾಂಕಿನ ದರ 110 ರೂಪಾಯಿ 20 ಪೈಸೆಯನ್ನು ದಾಟಿದ್ದರೆ ಮಾತ್ರ ಇಂದು ಕೊಂಡದ್ದು ಲಾಭ. ಮನೆಯಲ್ಲಿ ಸಾಲ ಮಾಡಿ ಹಣ ಹೊಂದಿಸುತ್ತಿದ್ದರೆ ಬಡ್ಡಿ ಇನ್ನೂ ಹೆಚ್ಚು, ದಾಟಬೇಕಾದ ಗೆರೆ ಇನ್ನೂ ಎತ್ತರ. ನಿದ್ರೆಗೆಡುವ ಸ್ವಭಾವದವರು ಅರ್ಧವನ್ನು ಈಗ, ಅರ್ಧವನ್ನು ಕಂತಿನ ವೇಳೆಗೆ ಕೊಳ್ಳಬಹುದು. ಆಗ ಸಿಗುವುದು ಎರಡು ದರಗಳ ಸರಾಸರಿ.

ಕೊಳ್ಳುವ ದಿನ ಮಾತ್ರ ವಾರದ ನಡುವಣ ಕೆಲಸದ ದಿನವಾಗಿರಲಿ, ಬೆಳಗಿನ ಹೊತ್ತಾಗಿರಲಿ. ಪೇಟೆ ಮುಚ್ಚಿದ ಮೇಲೆ ಮತ್ತು ಶನಿವಾರಗಳಂದು, ಸೋಮವಾರ ದರ ಏನಾದೀತೋ ಎಂಬ ಅಂಜಿಕೆಯಿಂದ ಬ್ಯಾಂಕುಗಳು ತಮ್ಮ ವಟ್ಟವನ್ನು ಇನ್ನಷ್ಟು ಅಗಲಿಸಿಕೊಳ್ಳುತ್ತವೆ. ಪರದೇಶಕ್ಕೆ ಹಣ ತಲುಪಲು ಸಾಮಾನ್ಯವಾಗಿ ಎರಡು ಕೆಲಸದ ದಿನಗಳಾದರೂ ಹಿಡಿಯುತ್ತವೆ. ಲಂಡನ್ನಿನ ರಜೆಯೂ ಮುಂಬಯಿಯ ರಜೆಯೂ ಬೇರೆ ಬೇರೆ. ಕಂತಿನ ಕೊನೆಯ ದಿನ ಸೋಮವಾರವಾಗಿದ್ದರೆ ಹಿಂದಿನ ಮಂಗಳವಾರವೇ ಬ್ಯಾಂಕಿಗೆ ಹೋಗುವುದು ಒಳ್ಳೆಯದು.